ಮೆಮೊ ಇಲ್ಲದೆ ಮುಗಿದ ತಡದ ತಕರಾರು

ಬೆಳಗಿನ ಪಾಳಿಯ ಆಪರೇಟರ್ ಒಬ್ಬರು ಪದೇ ಪದೇ ತಡವಾಗಿ ಬರುತ್ತಿದ್ದರು. ಮೆಮೊ ಕೊಡದೆ ಬಗ್ಗುವವರಲ್ಲ ಎಂಬುದು ಉಳಿದ ಸೂಪರ್‌ವೈಸರ್‌ಗಳ ಅಭಿಪ್ರಾಯ. ಸಂಗತಿ, ಪರಿಣಾಮ, ಕೋರಿಕೆ ಎಂಬ ಕ್ರಮದಲ್ಲಿ ಮಾತಾಡಿ ನೋಡುತ್ತೇನೆಂದಾಗ ‘ನಾಟಕದ ಮಾತು ಬಾಯಿಪಾಠ ಮಾಡ್ತಿದ್ದೀರಾ’ ಎಂದು ನಕ್ಕರು.

ಅದಕ್ಕೂ ಮೊದಲು ನಾನು ಎಡವಿದ್ದು ಕಡಿಮೆಯೇನಲ್ಲ. ಹದಿನೈದು ನಿಮಿಷ ಮೀರಿದರೆ ಅರ್ಧ ದಿನದ ಸಂಬಳ ಕಡಿತವೆಂಬ ನಿಯಮವನ್ನು ಬಿಗಿ ಮಾಡಿದೆ. ಹೇಗೂ ಹಣ ಹೋಯಿತೆಂದು ಅವರು ತಡವಾದ ದಿನ ಮಧ್ಯಾಹ್ನಕ್ಕೇ ಬರತೊಡಗಿದರು. ಅಲ್ಲಿಯವರೆಗೆ ರಾತ್ರಿ ಪಾಳಿಯವರನ್ನು ಉಳಿಸಿಕೊಂಡದ್ದಕ್ಕೆ ತೆತ್ತ ಓವರ್‌ಟೈಮ್, ಕಡಿತದಲ್ಲಿ ಉಳಿದದ್ದಕ್ಕಿಂತ ಹೆಚ್ಚಾಯಿತು. ಎರಡೇ ವಾರದಲ್ಲಿ ಅದನ್ನು ಬಿಟ್ಟೆ. ಆಮೇಲೆ ಕರೆದು ‘ನೀವು ಯಾವಾಗಲೂ ತಡ, ಜವಾಬ್ದಾರಿಯೇ ಇಲ್ಲ’ ಎಂದೆ. ಅವರು ಸಮಯಕ್ಕೆ ಬಂದ ದಿನಗಳನ್ನು ಬೆರಳೆಣಿಸಿ ತೋರಿಸಿದರು, ಮಾತು ಅಲ್ಲಿಗೇ ನಿಂತಿತು.

ಮುಂದಿನ ಸಲ ಹಾಜರಿ ಪುಸ್ತಕ ನೋಡಿಕೊಂಡೇ ಕೂತೆ. ಮೂರು ವಾರಗಳಲ್ಲಿ ಏಳು ದಿನ ತಡವಿತ್ತು. ಅದರಲ್ಲಿ ಒಂದು ದಿನ ಪಾಳಿಯ ಬಸ್ಸೇ ತಡವಾಗಿತ್ತೆಂದು ತಿಳಿದು ಅದನ್ನು ಕೈಬಿಟ್ಟೆ, ಏಕೆಂದರೆ ಒಂದು ಲೆಕ್ಕ ತಪ್ಪಿದರೆ ಉಳಿದ ಆರೂ ವಾದಕ್ಕೆ ಬೀಳುತ್ತವೆ. ಪಾಳಿ ಮುಗಿದ ಮೇಲೆ ಬೇರೆ ಯಾರೂ ಇಲ್ಲದ ಕೋಣೆಯಲ್ಲಿ ಹೇಳಿದ್ದು ಇಷ್ಟು: ‘ಈ ಮೂರು ವಾರದಲ್ಲಿ ಆರು ದಿನ ನೀವು 6 ಗಂಟೆಯ ಪಾಳಿಗೆ 15ರಿಂದ 25 ನಿಮಿಷ ತಡವಾಗಿ ಬಂದಿದ್ದೀರಿ. ಅಷ್ಟು ದಿನವೂ ರಾತ್ರಿ ಪಾಳಿಯವರು ಯಂತ್ರ ಬಿಟ್ಟು ಹೋಗಲಾಗದೆ ಉಳಿದರು. ಎರಡು ಸಲ ಅವರ ಬಸ್ಸು ತಪ್ಪಿತು. ನಾಳೆಯಿಂದ 5:50ಕ್ಕೆ ಯಂತ್ರದ ಬಳಿ ಇರಬೇಕು, ಆಗದ ದಿನ 5:15ರೊಳಗೆ ನನಗೆ ಫೋನ್ ಮಾಡಬೇಕು. ನಿಮ್ಮಿಂದ ಆಗುತ್ತದೆಯೇ?’

‘ಸಮಯಕ್ಕೆ ಬನ್ನಿ’ ಎಂದಷ್ಟೇ ಹೇಳಿದ್ದರೆ ಅವರು ಗೇಟಿನಲ್ಲಿ ಬೆರಳು ಒತ್ತಿದ ಹೊತ್ತನ್ನು ತೋರಿಸುತ್ತಿದ್ದರು. ಅಲ್ಲಿಂದ ಬಟ್ಟೆ ಬದಲಿಸಿ ಯಂತ್ರದ ಬಳಿ ಬರಲು ಎಂಟು ಹತ್ತು ನಿಮಿಷ ಬೇಕು. ಪ್ರಶ್ನೆ ಕೇಳಿದ ಮೇಲೆ ನಾನು ಬಾಯಿ ತೆರೆಯಲಿಲ್ಲ. ಅರ್ಧ ನಿಮಿಷದ ನಂತರ ಅವರೇ ಹೇಳಿದರು: ಹೆಂಡತಿಗೆ ರಾತ್ರಿ ಕೆಲಸವಿರುವ ವಾರ ಆಕೆ ಬರುವವರೆಗೆ ಮಗುವನ್ನು ಬಿಟ್ಟು ಹೊರಡಲಾಗುವುದಿಲ್ಲ. ಆ ವಾರಗಳಲ್ಲಿ ಅವರಿಗೆ ಎರಡನೆಯ ಪಾಳಿ ಕೊಟ್ಟೆ. ಆದರೆ ಆರರಲ್ಲಿ ನಾಲ್ಕು ದಿನಗಳಿಗೆ ಮಾತ್ರ ಆ ಕಾರಣ ಹೊಂದುತ್ತಿತ್ತು. ಉಳಿದೆರಡು ಬರಿಯ ತಡ, ಆದ್ದರಿಂದ 5:50ರ ಮಾತನ್ನು ಸಡಿಲಿಸಲಿಲ್ಲ. ಮುಂದಿನ ಎರಡು ತಿಂಗಳಲ್ಲಿ ತಡವಾದದ್ದು ಒಂದೇ ದಿನ, ಅಂದು ಐದೂಹತ್ತಕ್ಕೇ ಫೋನ್ ಬಂದಿತ್ತು. ನಕ್ಕವರಲ್ಲಿ ಇಬ್ಬರು ಈಗ ನನ್ನ ವಾಕ್ಯಗಳನ್ನೇ ಬರೆದುಕೊಂಡು ಹೋಗಿದ್ದಾರೆ.

ಇದೇ ವಾಕ್ಯಗಳನ್ನು ಇನ್ನೊಬ್ಬರಿಗೆ ಮೆಸೇಜಿನಲ್ಲಿ ಕಳಿಸಿ ನೋಡಿದೆ. ‘ಸರಿ ಸರ್’ ಎಂಬ ಉತ್ತರ ಬಂತು, ಹಾಜರಿ ಬದಲಾಗಲಿಲ್ಲ. ಮೊದಲು ಹೊಗಳಿ ಆಮೇಲೆ ವಿಷಯಕ್ಕೆ ಬರುವುದನ್ನೂ ಮಾಡಿ ನೋಡಿದೆ, ಎದುರಿನವರು ‘ಆದರೆ’ ಎಂಬ ಪದಕ್ಕೇ ಕಾದು ಕೂತಿದ್ದರು. ಎದುರು ಕೂರಿಸಿ ಮಾತಾಡಿದ ಹತ್ತನೆಯ ದಿನ ಅವರನ್ನು ಮತ್ತೆ ಕರೆದು ಎರಡು ನಿಮಿಷ ಮಾತಾಡುತ್ತೇನೆ. ಆಗ ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ನಮ್ಮ ಪಾಳಿಯವರೂ ಇದನ್ನು ಓದಿಯಾರು.