ಸೀಳಿದ ಕಬ್ಬಿನ ಫೋಟೋದಲ್ಲಿ ನಾನು ಹುಡುಕುವುದು ಬಿಳಿ ಮಚ್ಚೆ

ನಮ್ಮದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕು. ಊರಿನ ಹುಡುಗರು ಕಬ್ಬಿಗೆ ಏನಾದರೂ ಆದರೆ ನನಗೆ ಫೋಟೋ ಕಳಿಸುತ್ತಾರೆ. ಹೋದ ಸೆಪ್ಟೆಂಬರಿನಲ್ಲಿ ಪಕ್ಕದ ಹೊಲದ ಹುಡುಗನ ಫೋಟೋ ಬಂತು. "ಕಾಕಾ, ಸುಳಿ ಕೆಳಗಿನ ಮೂರನೇ ನಾಕನೇ ಎಲಿ ಒಣಗಾಕತ್ತಾವ. ಕೊಯ್ದು ನೋಡಿದ್ರ ಒಳಗ ಕೆಂಪಾಗೇದ" ಅಂತ ಬರೆದಿದ್ದ.

ಅವನು ಕಬ್ಬನ್ನು ಅಡ್ಡ ಕತ್ತರಿಸಿದ್ದ. ಅದರಲ್ಲಿ ಕೆಂಪು ಬಿಟ್ಟರೆ ಬೇರೇನೂ ಕಾಣಲ್ಲ. ಇದು ಕೆಂಪು ಕೊಳೆ ರೋಗವೇ ಅನ್ನಲು ಅಷ್ಟು ಸಾಲದು, ಕೊರಕ ಹುಳ ತಿಂದ ಜಾಗವೂ ಕೆಂಪಾಗುತ್ತದೆ. ಹಾಗಾಗಿ ಕಬ್ಬನ್ನು ಬುಡದಿಂದ ಕಿತ್ತು, ನಾಲ್ಕೈದು ಗಣಿಕೆ ಬರುವಂತೆ ಉದ್ದಕ್ಕೆ ಸೀಳಲು ಹೇಳಿದೆ. ಸೀಳಿದ ಕೂಡಲೇ ನೆರಳಲ್ಲಿ, ಹತ್ತಿರದಿಂದ ಫೋಟೋ ತೆಗೆಯಬೇಕು. ತಡವಾದರೆ ಗಾಳಿ ತಾಗಿ ಒಳ್ಳೆಯ ಕಬ್ಬೂ ಬಣ್ಣ ಬದಲಿಸುತ್ತದೆ. ಬಿಸಿಲಲ್ಲಿ ತೆಗೆದರೆ ಬಿಳಿ ಯಾವುದು, ಹೊಳಪು ಯಾವುದು ಗೊತ್ತಾಗಲ್ಲ.

ಎರಡನೇ ಫೋಟೋದಲ್ಲಿ ಅನುಮಾನ ಉಳಿಯಲಿಲ್ಲ. ಮೂರು ಗಣಿಕೆ ಉದ್ದಕ್ಕೂ ಕೆಂಪು ಹರಡಿತ್ತು. ಆ ಕೆಂಪಿನ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ. ಕೆಂಪು ಕಬ್ಬಿನ ಉದ್ದಕ್ಕೆ ಹೋದರೆ, ಈ ಬಿಳಿ ಅದಕ್ಕೆ ಅಡ್ಡವಾಗಿ, ಪಟ್ಟಿ ಇಟ್ಟ ಹಾಗೆ ಕೂತಿರುತ್ತದೆ. ಕೆಂಪು ಕೊಳೆ ರೋಗದ ಗುರುತೇ ಅದು. ಸೊರಗು ರೋಗದಲ್ಲೂ ಒಳಗೆ ಕೆಂಪು ಬರುತ್ತದೆ, ಆದರೆ ಅದು ಮಸುಕು ಕಂದುಗೆಂಪು. ನಡುವೆ ದೋಣಿಯಂಥ ಪೊಳ್ಳು ಇರುತ್ತದೆ, ಅಡ್ಡ ಬಿಳಿ ಮಚ್ಚೆ ಇರುವುದಿಲ್ಲ.

ಫೋಟೋದಲ್ಲಿ ವಾಸನೆ ಬರಲ್ಲ ಅಲ್ವಾ, ಅದಕ್ಕೆ ಮೂಸಿ ನೋಡು ಅಂದೆ. "ಹುಳಿ ಹೆಂಡದ ವಾಸನಿ ಬರ್ತದ ಕಾಕಾ" ಅಂದ. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಅವನದು ಸಿಒಸಿ 671, ಸಕ್ಕರೆ ಇಳುವರಿ ಚೆನ್ನಾಗಿದ್ದರೂ ಈ ರೋಗಕ್ಕೆ ಬೇಗ ಬೀಳುವ ತಳಿ. ಅದರ ಮೇಲೆ ಅದೇ ಹೊಲದ ಕಬ್ಬನ್ನು ತುಂಡು ಮಾಡಿ ನೆಡಲು ಬೀಜಕ್ಕೆ ಇಟ್ಟಿದ್ದ.

ಒಂದು ಮಾತು. ರೋಗ ತಡೆಯುವ ತಳಿಯಲ್ಲಿ ಕೆಂಪು ಒಂದೇ ಗಣಿಕೆಗೆ ನಿಲ್ಲಬಹುದು, ಬಿಳಿ ಕಾಣದೆಯೂ ಇರಬಹುದು. ಅಂಥ ಫೋಟೋ ನೋಡಿ ನಾನು ತೀರ್ಪು ಹೇಳಲ್ಲ. ಇನ್ನೆರಡು ಕಬ್ಬು ಸೀಳಿಸಿ ನೋಡುತ್ತೇನೆ.

ನಿಂತ ಬೆಳೆಗೆ ಔಷಧಿ ಹೊಡೆದರೆ ಇದು ವಾಸಿಯಾಗಲ್ಲ. ರೋಗ ಹಿಡಿದ ಬುಡಗಳನ್ನು ಬೇರು ಸಮೇತ ಕಿತ್ತು ಸುಟ್ಟೆವು. ಆ ಜಾಗದ ನೀರು ಮುಂದಿನ ಸಾಲಿಗೆ ಹರಿಯದಂತೆ ಒಡ್ಡು ಹಾಕಿದೆವು, ಯಾಕೆಂದರೆ ರೋಗ ನೀರಿನ ಜೊತೆಯೂ ಸಾಗುತ್ತದೆ. ಉಳಿದ ಕಬ್ಬನ್ನು ಫ್ಯಾಕ್ಟರಿಗೆ ಬೇಗ ಕಳಿಸಿ, ಕೂಳೆ ಬಿಡದೆ ಹೊಲ ಹರಗಿದ.

ಬೀಜ ಮಾತ್ರ ಬೇರೆ ಕಡೆಯಿಂದ ತಂದ. ಅದರ ಪ್ರತಿ ತುಂಡಿನ ಎರಡೂ ತುದಿಯನ್ನು ನಾವಿಬ್ಬರೂ ಕೂತು ನೋಡಿದೆವು. ತುದಿಯಲ್ಲಿ ಕೆಂಪು ಕಂಡ ತುಂಡು ಒಂದನ್ನೂ ಹೊಲಕ್ಕೆ ಬಿಡಲಿಲ್ಲ.