ಪ್ಯಾಕಪ್ ಆದ ಮೇಲಿನ ಹತ್ತು ದಿನ

ಸಕಲೇಶಪುರದ ಒಂದು ಹೋಮ್‌ಸ್ಟೇಗೆ ಎರಡು ನಿಮಿಷದ ವಿಡಿಯೊ ಮಾಡುತ್ತಿದ್ದೀರಿ ಎನ್ನೋಣ. ಎರಡನೇ ದಿನ ಸಂಜೆ ‘ಪ್ಯಾಕಪ್’ ಎಂದ ಕೂಡಲೇ ಎಲ್ಲರಿಗೂ ಊಟದ ಧ್ಯಾನ. ಜಾಗ ಬಿಡುವ ಮುನ್ನ, ಮಾಲೀಕರನ್ನು ಮಾತಾಡಿಸಿದ ಜಗಲಿಯಲ್ಲೇ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಅಲ್ಲಿನ ಸದ್ದನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಅವರ ಮಾತಿನ ನಡುವೆ ಕತ್ತರಿ ಆಡಿಸಿದಾಗ ಉಳಿಯುವ ಸಂದಿಗೆ ಆ ಜೀರುಂಡೆ, ಗಾಳಿಯ ಸದ್ದೇ ತೇಪೆ. ಕ್ಯಾಮೆರಾದಲ್ಲಿ ಕಂಡವರ ಒಪ್ಪಿಗೆ ಪತ್ರಗಳಿಗೂ ಅಲ್ಲೇ ಸಹಿ ಹಾಕಿಸಿ. ಇಲ್ಲದಿದ್ದರೆ ಒಂದು ಸಹಿಗಾಗಿ ಮತ್ತೆ ಬಸ್ ಹತ್ತಬೇಕು.

ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದ ದೃಶ್ಯ ಗಂಟೆಗೆ ಸುಮಾರು 45 ಜಿಬಿ ಆಗುತ್ತದೆ. ಮೂರು ಗಂಟೆಯದು 135 ಜಿಬಿ. ಅದನ್ನು ಅಂದೇ ರಾತ್ರಿ ಎರಡು ಹಾರ್ಡ್‌ಡಿಸ್ಕ್‌ಗಳಿಗೆ ಇಳಿಸಿ. ಕಾಪಿ ಮುಗಿದಂತೆ ಕಂಡರೂ ನಂಬಬೇಡಿ. ಫೈಲುಗಳ ಸಂಖ್ಯೆ, ಒಟ್ಟು ಗಾತ್ರ ಎರಡೂ ಕಡೆ ತಾಳೆಯಾಗಬೇಕು; ಕೆಲವು ಕ್ಲಿಪ್‌ಗಳನ್ನು ಕೊನೆಯವರೆಗೂ ಓಡಿಸಿ ನೋಡಿ. ಒಂದು ಡಿಸ್ಕ್ ಬೇರೆಯವರ ಮನೆಯಲ್ಲಿರಲಿ. ಅಲ್ಲಿಯವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ.

ಮೊದಲ ನಾಲ್ಕು ದಿನದಲ್ಲಿ ಕಚ್ಚಾ ಎಡಿಟ್ ಸಿದ್ಧಮಾಡಿ, ಐದನೇ ದಿನ ತೋರಿಸಿ. ಇಲ್ಲೇ ಎಡವುವವರು ಹೆಚ್ಚು. ಮಾಲೀಕರು ಒಂದು, ಅವರ ಮಗ ಇನ್ನೊಂದು, ಮ್ಯಾನೇಜರ್ ಮತ್ತೊಂದು ಹೇಳುತ್ತಾರೆ. ಒಬ್ಬರೇ ಎಲ್ಲರ ಮಾತು ಸೇರಿಸಿ, ‘0:42ರಲ್ಲಿ ಕಾಫಿ ತೋಟದ ಶಾಟ್ ತೆಗೆಯಿರಿ’ ಎಂಬಂತೆ ಸಮಯ ಸಮೇತ ಬರೆದು ಕಳಿಸಲಿ. ಎರಡು ಸುತ್ತಿನ ತಿದ್ದುಪಡಿ ಎಂದು ಮೊದಲೇ ಒಪ್ಪಂದದಲ್ಲಿರಲಿ. ಏಳನೇ ದಿನ ‘ದೃಶ್ಯಗಳ ಜೋಡಣೆ ಅಂತಿಮ’ ಎಂದು ಬರಹದಲ್ಲಿ ಒಪ್ಪಿಗೆ ಪಡೆದೇ ಬಣ್ಣ, ಸೌಂಡ್ ಮಿಕ್ಸಿಂಗ್ ಶುರುಮಾಡಿ. ಆಮೇಲೆ ಮೂರು ಸೆಕೆಂಡ್ ಕತ್ತರಿಸಿದರೂ ಅಲ್ಲಿಂದ ಮುಂದಿನ ಸಂಗೀತವನ್ನೆಲ್ಲ ಮತ್ತೆ ಕೂಡಿಸಬೇಕಾಗುತ್ತದೆ.

ಕನ್ನಡ ಅಕ್ಷರಗಳದು ಬೇರೆಯೇ ತಂಟೆ. ಕ್ಲೈಂಟ್ ಹಳೆಯ ನುಡಿ ಫಾಂಟಿನಲ್ಲಿ ಕಳಿಸಿದ ಪಠ್ಯ ಪರದೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಂದರೆ ಯೂನಿಕೋಡ್‌ಗೆ ಬದಲಿಸಿ. ಪ್ರೀಮಿಯರ್ ಪ್ರೊದಲ್ಲಿ ಒತ್ತಕ್ಷರ ಒಡೆದರೆ ಸೆಟ್ಟಿಂಗ್‌ನಲ್ಲಿ `South Asian and Middle Eastern` ಆಯ್ದುಕೊಳ್ಳಿ. ಊರಿನ ಹೆಸರು, ಫೋನ್ ನಂಬರ್ ಮಾಲೀಕರೇ ಓದಿ ನೋಡಲಿ. ಎಡಿಟರ್ ಕಣ್ಣಿಗೆ ಅವು ಹತ್ತು ದಿನದಲ್ಲಿ ಸವೆದುಹೋಗಿರುತ್ತವೆ.

ಹತ್ತನೇ ದಿನ ಕೊಡಬೇಕಾದ್ದು:

- ಉತ್ತಮ ಗುಣಮಟ್ಟದ ಮಾಸ್ಟರ್ ಫೈಲ್, ಯೂಟ್ಯೂಬ್‌ಗೆ ಎಂಪಿ4
- ರೀಲ್ಸ್‌ಗೆ 9:16 ಅಳತೆಯ ಲಂಬ ಆವೃತ್ತಿ
- ಪರದೆ ಮೇಲೆ ಅಕ್ಷರಗಳಿಲ್ಲದ ಪ್ರತಿ (ನಂಬರ್ ಬದಲಾದರೆ ಬೇಕಾಗುತ್ತದೆ)
- `.srt` ಉಪಶೀರ್ಷಿಕೆ, ಯುಟಿಎಫ್-8ರಲ್ಲಿ ಉಳಿಸಿದ್ದು
- ಸಂಗೀತದ ಲೈಸೆನ್ಸ್, ಒಪ್ಪಿಗೆ ಪತ್ರಗಳು

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಮಸುಕಾಗುತ್ತದೆ. ಡ್ರೈವ್ ಲಿಂಕ್ ಕೊಡಿ. ಕೊಡುವ ಮುನ್ನ ನೀವೇ ಆ ಲಿಂಕ್‌ನಿಂದ ಇಳಿಸಿಕೊಂಡು ಫೋನ್‌ನಲ್ಲಿ ಪೂರ್ತಿ ನೋಡಿ. ಕಚ್ಚಾ ದೃಶ್ಯಗಳನ್ನು ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ ಎಂಬುದನ್ನೂ ಬಿಲ್ಲಿನ ಕೆಳಗೇ ಬರೆದುಬಿಡಿ.