ಹಬ್ಬದ ಫೋಟೊ ಹಳದಿಯಾಗಿದೆಯೇ? ಹೀಗೆ ಸರಿಮಾಡಿ

ಗಣೇಶನ ಹಬ್ಬ ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಮನೆಗಳ ವಾಟ್ಸಾಪ್ ಗ್ರೂಪುಗಳು ಫೋಟೊಗಳಿಂದ ತುಂಬಿಹೋಗುತ್ತವೆ. ಮನೆಯೊಳಗೆ ತೆಗೆದ ಫೋಟೊ ಅಂದ ಮೇಲೆ ಬಹುಪಾಲು ಹಳದಿ. ಅದನ್ನು ತೆಗೆಯಲು ಹೆಚ್ಚಿನವರು ಸ್ಯಾಚುರೇಶನ್ ಇಳಿಸುತ್ತಾರೆ. ಆಗ ಕುಂಕುಮದ ಕೆಂಪು, ಗರಿಕೆಯ ಹಸಿರು ಎಲ್ಲವೂ ಸಪ್ಪೆಯಾಗುತ್ತವೆ. ಹಳದಿ ಛಾಯೆ ಮಾತ್ರ ಅಲ್ಲೇ ಉಳಿಯುತ್ತದೆ. ಇದಕ್ಕೆ ಬೇಕಾದದ್ದು ಬೇರೆ ಎರಡು ಸ್ಲೈಡರ್: ಟೆಂಪರೇಚರ್ ಮತ್ತು ಟಿಂಟ್. ಕೆಲವು ಆಪ್‌ಗಳಲ್ಲಿ ಟೆಂಪರೇಚರ್ ಬದಲು ವಾರ್ಮ್ತ್ ಎಂದಿರುತ್ತದೆ.

ಮಾಟುಂಗಾದ ಒಂದು ಫ್ಲ್ಯಾಟಿನ ಹಾಲ್ ಅಂದುಕೊಳ್ಳಿ. ಮಂಟಪದ ಮೇಲೆ ಹಳದಿ ಬಲ್ಬ್, ಅಂದರೆ ಬೆಳಕಿನ ಬಣ್ಣದ ಅಳತೆಯಲ್ಲಿ ಸುಮಾರು 2700 ಕೆಲ್ವಿನ್. ಪಕ್ಕದ ಕಿಟಕಿಯಿಂದ ಮಳೆಗಾಲದ ಮೋಡದ ಬೆಳಕು, 6500ರ ಆಸುಪಾಸು. ಕೆಲ್ವಿನ್ ಹೆಚ್ಚಿದಷ್ಟೂ ಬೆಳಕು ನೀಲಿ. ಫೋಟೊದಲ್ಲಿ ಗಣಪತಿ ಹಳದಿ, ಕಿಟಕಿ ಪಕ್ಕ ಕೂತ ಅಜ್ಜಿಯ ಕೆನ್ನೆ ನೀಲಿ.

ಮೊದಲು ಫೋನಿನ ನೈಟ್ ಲೈಟ್ ಅಥವಾ ಐ ಕಂಫರ್ಟ್ ಆಫ್ ಮಾಡಿ. ಅದು ಇಡೀ ಸ್ಕ್ರೀನನ್ನೇ ಹಳದಿ ಮಾಡಿರುತ್ತದೆ. ಹಾಗೇ ಎಡಿಟ್ ಮಾಡಿದರೆ ನಿಮಗೆ ಸರಿ ಕಂಡದ್ದು ಬೇರೆಯವರ ಫೋನಿನಲ್ಲಿ ನೀಲಿ ಕಾಣುತ್ತದೆ. ಫೋಟೊದ ಒಂದು ಕಾಪಿ ಇಟ್ಟುಕೊಳ್ಳಿ.

ಈಗ ಬಣ್ಣವಿಲ್ಲದ ಒಂದು ವಸ್ತುವನ್ನು ಹುಡುಕಬೇಕು. ಎಲ್ಲರೂ ತಪ್ಪುವುದು ಇಲ್ಲೇ. ಗೋಡೆ ಬಿಳಿ ಅನಿಸುತ್ತದೆ, ಆದರೆ ನಮ್ಮ ಮನೆಗಳ ಗೋಡೆ ಹೆಚ್ಚಾಗಿ ಕೆನೆ ಬಣ್ಣದ್ದು. ರೇಷ್ಮೆ ಪಂಚೆಯೂ ಅಷ್ಟೇ. ಸ್ಟೀಲ್ ತಟ್ಟೆ ಬೇಡವೇ ಬೇಡ, ಅದರಲ್ಲಿ ಕಾಣುವುದು ಸುತ್ತಲಿನ ಬಣ್ಣ. ಮಂಟಪಕ್ಕೆ ಹಾಸಿದ ಬಿಳಿ ಹತ್ತಿ ಬಟ್ಟೆ ಒಳ್ಳೆಯದು. ಅದರಲ್ಲೂ ಬೆಳಕು ಮಿತವಾಗಿ ಬಿದ್ದು ತುಸು ಬೂದು ಕಾಣುವ ಜಾಗವನ್ನೇ ಆರಿಸಿ. ಬಲ್ಬಿನ ಕೆಳಗೆ ಪೂರ್ತಿ ಬೆಳ್ಳಗಾದ ಜಾಗದಲ್ಲಿ ಬಣ್ಣದ ಮಾಹಿತಿಯೇ ಅಳಿಸಿಹೋಗಿರುತ್ತದೆ. ಸ್ನ್ಯಾಪ್‌ಸೀಡ್, ಲೈಟ್‌ರೂಮ್ ಆಪ್‌ಗಳ ವೈಟ್ ಬ್ಯಾಲೆನ್ಸ್‌ನಲ್ಲಿ ಬಣ್ಣ ಗುರುತಿಸುವ ಡ್ರಾಪರ್ ಇದೆ. ಅದನ್ನು ಆ ಬೂದು ಜಾಗದ ಮೇಲಿಟ್ಟರೆ ಅರ್ಧ ಕೆಲಸ ಮುಗಿಯಿತು.

ಡ್ರಾಪರ್ ಇಲ್ಲದಿದ್ದರೆ ಸ್ಯಾಚುರೇಶನ್ ಅನ್ನು ಸ್ವಲ್ಪ ಹೊತ್ತು ಪೂರ್ತಿ ಏರಿಸಿ. ಕಣ್ಣಿಗೆ ಕಾಣದಿದ್ದ ಛಾಯೆ ಆ ಬಟ್ಟೆಯ ಮೇಲೆ ಎದ್ದು ಕಾಣುತ್ತದೆ. ಟೆಂಪರೇಚರನ್ನು ನೀಲಿ ಕಡೆಗೆ ಎಳೆಯಿರಿ. ಬಟ್ಟೆ ನೀಲಿಗೆ ತಿರುಗುವವರೆಗೂ ಹೋಗಿ, ಆಮೇಲೆ ನಿಧಾನವಾಗಿ ಹಿಂದೆ ಬನ್ನಿ. ಹಳದಿಯೂ ನೀಲಿಯೂ ಅಲ್ಲದ ಕಡೆ ನಿಲ್ಲಿಸಿ. ಸ್ಕ್ರೀನನ್ನೇ ದಿಟ್ಟಿಸುತ್ತಿದ್ದರೆ ಕಣ್ಣು ಆ ಬಣ್ಣಕ್ಕೆ ಒಗ್ಗಿಬಿಡುತ್ತದೆ. ಒಂದೆರಡು ನಿಮಿಷ ಬೇರೆಡೆ ನೋಡಿ ಮತ್ತೆ ನೋಡಿ.

ಹಳದಿ ಹೋದರೂ ಮುಖಗಳು ಕಾಯಿಲೆ ಬಿದ್ದವರಂತೆ ಕಾಣುತ್ತಿದ್ದರೆ ಅದು ಹಸಿರು. ಗಲ್ಲದ ಕೆಳಗಿನ ನೆರಳಿನಲ್ಲಿ ಮೊದಲು ಗೊತ್ತಾಗುತ್ತದೆ. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಇದ್ದಲ್ಲಿ ಇದು ಜಾಸ್ತಿ. ಟೆಂಪರೇಚರ್ ಎಷ್ಟು ಎಳೆದರೂ ಅದು ಹೋಗುವುದಿಲ್ಲ. ಟಿಂಟನ್ನು ಮೆಜೆಂಟಾ ಕಡೆಗೆ ಕೊಂಚವೇ ಸರಿಸಿ. ತುಟಿಯ ಅಂಚು, ಕಿವಿ ವಿಪರೀತ ಗುಲಾಬಿಯಾದರೆ ಜಾಸ್ತಿಯಾಯಿತು ಅಂತ ಅರ್ಥ. ಈಗ ಏರಿಸಿದ್ದ ಸ್ಯಾಚುರೇಶನ್ ಮರೆಯದೆ ಮೊದಲಿನ ಜಾಗಕ್ಕೆ ತನ್ನಿ.

ಆಟೊ ಬಟನ್ ಒತ್ತಿದರೆ ಸಾಲದೇ ಅಂತ ಕೇಳುತ್ತೀರಿ, ಅಲ್ವಾ? ಹಬ್ಬದ ಫೋಟೊಗೆ ಅದನ್ನು ನಂಬಬೇಡಿ. ಚೆಂಡುಹೂವಿನ ಮಾಲೆಗಳೇ ತುಂಬಿರುವ ಫೋಟೊದಲ್ಲಿ ಹೂವಿನ ಹಳದಿಯನ್ನೇ ದೋಷವೆಂದು ತಿಳಿದು ಎಲ್ಲವನ್ನೂ ನೀಲಿ ಮಾಡಿಬಿಡುತ್ತದೆ. ಮಾರಾಟಕ್ಕಿರುವ ಸಿದ್ಧ ಎಡಿಟ್‌ಗಳಾದ ಪ್ರಿಸೆಟ್‌ಗಳಿಗೂ ದುಡ್ಡು ಹಾಕಬೇಡಿ. ನಿಮ್ಮ ಮನೆಯ ಬಲ್ಬು ಯಾವುದೆಂದು ಅವುಗಳಿಗೆ ಗೊತ್ತಿಲ್ಲ.

ಗಣಪತಿ ಸರಿಯಾದ. ಆದರೆ ಹಳದಿ ತೆಗೆದಷ್ಟೂ ಅಜ್ಜಿಯ ಕೆನ್ನೆ ಇನ್ನಷ್ಟು ನೀಲಿಯಾಗುತ್ತದೆ. ಎರಡು ಬಗೆಯ ಬೆಳಕಿರುವಾಗ ಒಂದೇ ಸ್ಲೈಡರಿನಿಂದ ಎರಡನ್ನೂ ಸರಿಮಾಡಲಾಗದು. ಸ್ನ್ಯಾಪ್‌ಸೀಡ್‌ನ ಬ್ರಶ್‌ನಲ್ಲಿ ಟೆಂಪರೇಚರ್ ಆರಿಸಿ. ಅದನ್ನು ಕಡಿಮೆ ಬಲದಲ್ಲಿ ಬೆಚ್ಚಗಿನ ಕಡೆಗಿಟ್ಟು ಅಜ್ಜಿಯ ಮುಖ, ಕೈ, ಸೀರೆಯ ಆ ಬದಿಗೆ ಬಳಿಯಿರಿ. ಲೈಟ್‌ರೂಮ್‌ನಲ್ಲಿ ಇದೇ ಕೆಲಸಕ್ಕೆ ಮಾಸ್ಕ್ ಇದೆ. ದೀಪದ ಜ್ವಾಲೆಯ ಸುತ್ತ ಮಾತ್ರ ಹಳದಿ ಇರಲಿ. ಅಲ್ಲೂ ಬಿಳಿ ಮಾಡಿದರೆ ಪೂಜೆಯ ಕಳೆಯೇ ಹೋಗುತ್ತದೆ.

ತೀರಾ ಹಳದಿಯಾದ ಫೋಟೊವನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ. ಅದರಲ್ಲಿ ನೀಲಿಯ ಪಾಲು ತುಂಬಾ ಕಡಿಮೆ. ಜೋರಾಗಿ ಎಳೆದರೆ ನೆರಳಿನಲ್ಲಿ ಮರಳು ಮರಳಾದ ಕಲೆಗಳು ಏಳುತ್ತವೆ. ಅವು ಕಂಡಲ್ಲಿಗೆ ನಿಲ್ಲಿಸಿ, ಸ್ವಲ್ಪ ಹಳದಿ ಉಳಿದರೂ ಬಿಟ್ಟುಬಿಡಿ. ಮುಂದಿನ ಸಲ ಕಿಟಕಿಯ ಪರದೆ ಎಳೆದು ಬಲ್ಬಿನ ಬೆಳಕಲ್ಲೇ ತೆಗೆಯಿರಿ, ಇಲ್ಲವೇ ಬಲ್ಬು ಆರಿಸಿ ಕಿಟಕಿಯ ಬೆಳಕಲ್ಲೇ ತೆಗೆಯಿರಿ. ಆಗ ಬ್ರಶ್ ಮುಟ್ಟುವ ಕೆಲಸವೇ ಇರುವುದಿಲ್ಲ.